ಬಾಕಿ ಬಾಡಿಗಿ: ಬೈಗುಳ ಬ್ಯಾಡ, ಪಟ್ಟಿ ಬೇಕು

ಅಕ್ಕಾರ, ವೈನ್ಯಾರ, ಈ ಸಲ ಸ್ವಲ್ಪ ರೊಕ್ಕದ ಮಾತು ಐತಿ. ನಮ್ಮ ಕಡೆ, ಅಂದ್ರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಾಗ, ಮನಿ ಹಿಂದ ಎರಡು ಖೋಲಿ ಕಟ್ಟಿಸಿ ಬಾಡಿಗಿ ಕೊಟ್ಟವರು ಭಾಳ ಮಂದಿ ಅದಾರ. ಕರಾರು ಗಂಡಸರ ಹೆಸರಿನ್ಯಾಗ ಇರ್ತೈತಿ, ಬಾಡಿಗಿ ಕೇಳೂ ಕೆಲಸ ಮಾತ್ರ ಹೆಣ್ಣಮಕ್ಕಳ ಪಾಲಿಗೆ ಬರ್ತೈತಿ. ಬಾಡಿಗಿ ಇದ್ದಾಕಿ ದಿನಾ ನಳದ ಮುಂದ ಭೆಟ್ಟಿ ಆಗ್ತಾಳ, ಆಕಿ ಮಕ್ಕಳು ನಮ್ಮ ಕಟ್ಟಿ ಮ್ಯಾಲ ಆಡ್ತಾವ. ಹಂಗಾಗಿ ಕೇಳಾಕ ನಾಚಿಕಿ, ಬಿಡಾಕ ಸಂಕಟ. ಕಡೀಕ ಒಂದಿನ ಸಿಟ್ಟು ತಡೀಲಾರದ ಬಾಗಲದಾಗ ನಿಂತು ಬಾಯಿ ಮಾಡೂದು, ಓಣಿ ಮಂದಿ ಕೂಡೂದು.

ನನ್ನ ಅಭಿಪ್ರಾಯ ಇಷ್ಟ ನೋಡ್ರಿ. ಎರಡನೇ ತಿಂಗಳ ಬಾಡಿಗಿ ತಪ್ಪಿತು ಅಂದ ಕೂಡಲೇ ಬಾಯಿಮಾತು ನಿಲ್ಲಿಸಬೇಕು. ತಿಂಗಳವಾರು ಬಾಕಿ ಪಟ್ಟಿ ಹಾಕಿ, ಕಡೀ ತಾರೀಖು ಬರೆದು, ಸಹಿ ಮಾಡಿ ಒಂದು ನೋಟೀಸ್ ಕೊಡಬೇಕು. ನೋಟೀಸ್ ಅಂದ್ರ ಜಗಳ ಅಂತ ನಮ್ಮವರು ತಿಳ್ಕೊಂಡಾರ. ಸರಿಯಾಗಿ ಬರೆದ ನೋಟೀಸ್ ಜಗಳ ತಪ್ಪಿಸ್ತೈತಿ ಅಂತ ನಾ ಹೇಳತೇನಿ. ಆದ್ರ ಅದರಾಗಿನ ಪಟ್ಟಿ ಖರೇ ಇರಬೇಕು. ಪಟ್ಟಿ ತಪ್ಪಿದ್ರ ನೋಟೀಸ್ ಬರೇ ಕಾಗದ.

ನಿಪ್ಪಾಣಿಯ ನಮ್ಮ ತವರುಮನಿ ಲೆಕ್ಕಾನ ಹಿಡಿದು ಹೇಳತೇನಿ. ಅಪ್ಪಾರಿಗೆ ಪಿಂಚಣಿ ಇಲ್ಲ. ಹಿಂದಿನ ಎರಡು ಖೋಲಿಯ ಬಾಡಿಗಿ ತಿಂಗಳಿಗೆ 5,000 ರೂಪಾಯಿ, ಅದರಾಗ ಅವರ ಗುಳಿಗಿ, ಔಷಧ ಮತ್ತ ಅಣ್ಣನ ಮಗಳ ಟ್ಯೂಷನ್ ಫೀ ನಡೀತೈತಿ. ಡಿಪಾಜಿಟ್ 30,000. ಕರಾರಿನ್ಯಾಗ ಪ್ರತಿ ತಿಂಗಳ 5ನೇ ತಾರೀಖಿನೊಳಗ ಬಾಡಿಗಿ, ಲೈಟ್ ಬಿಲ್ ಬಾಡಿಗಿ ಇದ್ದವರದು ಅಂತ ಬರೆದೈತಿ. 2025ರ ಜೂನ್ ತನಕ ಎಲ್ಲಾ ಬರೋಬ್ಬರಿ ಬಂತು. ಜುಲೈದಿಂದ ಹಳಿ ತಪ್ಪಿತು. ಇದ್ದಾಂವ ಟ್ರ್ಯಾಕ್ಟರ್ ಡ್ರೈವರ್, ಮಳಿಗಾಲದಾಗ ಕೆಲಸ ಕಡಿಮಿ. ಕಬ್ಬಿನ ಹಂಗಾಮು ಸುರು ಆದ್ರೂ ಸಾಗಾಣಿಕಿ ಬಿಲ್ ಕೈಗೆ ಬರಾಕ ತಡ ಆಗ್ತೈತಿ. ಅದು ಸುಳ್ಳ ನೆವ ಅಲ್ಲ, ನಮ್ಮ ಸೀಮಿಯೊಳಗ ಅರ್ಧ ಮಂದಿ ಬದುಕು ಕಾರಖಾನಿ ಬಿಲ್ಲಿನ ಮ್ಯಾಲೇ ನಿಂತೈತಿ.

ಡಿಸೆಂಬರ್ ಬಾಡಿಗಿನೂ 5ನೇ ತಾರೀಖಿಗೆ ಬರಲಿಲ್ಲ. ವೈನಿ ಅಂದ್ರು, “ಇಪ್ಪತ್ತೈದು ಸಾವಿರ ಬಾಕಿ ಆಗೇತಿ.” ಆಂವ ಅಂದ, “ಇಲ್ಲರಿ ಅಕ್ಕಾರ, ಹದಿನೈದರ ಮ್ಯಾಲ ಇಲ್ಲ.” ಇಬ್ಬರೂ ಸುಳ್ಳು ಹೇಳತಿರಲಿಲ್ಲ. ಇಬ್ಬರೂ ನೆನಪಿನ ಮ್ಯಾಲ ಹೇಳತಿದ್ರು, ಅಷ್ಟ.

ವೈನಿ ನನಗ ಫೋನ್ ಮಾಡಿದ್ರು. ನಾ ಚಿಕ್ಕೋಡಿಯಿಂದ ಹೋಗಿ ಎರಡು ತಾಸು ಕುಂತು ಪಟ್ಟಿ ಮಾಡಿದೆ. ಮೊದಲು ಬರಬೇಕಾದದ್ದು ಬರೆದೆ. ಜುಲೈದಿಂದ ಡಿಸೆಂಬರ್ ತನಕ ಆರು ತಿಂಗಳು, 30,000. ಆಮ್ಯಾಲ ಬಂದದ್ದು ಹುಡುಕಿದೆ. ಕ್ಯಾಲೆಂಡರ್ ಮ್ಯಾಲ ವೈನಿ ಗುರುತು ಮಾಡಿದ್ದು, ಫೋನಿನ್ಯಾಗ ಬಂದ ರೊಕ್ಕದ ಮೆಸೇಜ್, ಎರಡೂ ಹಚ್ಚಿ ನೋಡಿದೆ. ಜುಲೈ ತಿಂಗಳದಾಗ 3,000. ಸೆಪ್ಟೆಂಬರ್ 20ಕ್ಕ 4,000. ನವೆಂಬರ್ 18ಕ್ಕ 2,500. ಒಟ್ಟು 9,500.

ಇಲ್ಲಿಗೆ ನಿಲ್ಲಿಸಬಾರದು. ಮನಿಯಾಗ ಎಲ್ಲಾರನ್ನೂ ಒಬ್ಬೊಬ್ಬರನ್ನಾಗಿ ಕೇಳಬೇಕು, ಯಾರ ಕೈಯಾಗರ ರೊಕ್ಕ ಕೊಟ್ಟಾರೇನು ಅಂತ. ಕೇಳಿದಾಗ ಅಪ್ಪಾರು ಅಂದ್ರು, “ದಸರಿ ಮುಗಿದ ಮ್ಯಾಲ ಕಟ್ಟಿ ಮ್ಯಾಲ ಕುಂತಾಗ ಒಂದೂವರಿ ಸಾವಿರ ಕೊಟ್ಟಿದ್ದ, ಗುಳಿಗಿ ತರಿಸಿದೆ.” ಪಾವತಿ ಇಲ್ಲ, ಬರೆದಿಟ್ಟದ್ದೂ ಇಲ್ಲ. ಆದ್ರ ಕೊಟ್ಟದ್ದು ಕೊಟ್ಟದ್ದ. ಅದನ್ನೂ ಪಟ್ಟಿಗೆ ಹಾಕಿದೆ. ಬಂದದ್ದು 11,000, ಬಾಕಿ 19,000. ಈ 1,500 ಬಿಟ್ಟು ನೋಟೀಸ್ ಕೊಟ್ಟಿದ್ರ ಆಂವ ಆ ಒಂದ ಮಾತು ಹಿಡಕೊಂಡು ಉಳಿದ ಹತ್ತೊಂಬತ್ತು ಸಾವಿರಾನೂ ಸುಳ್ಳು ಅಂತಿದ್ದ. ಜಾಸ್ತಿ ಬರೆದ ಪಟ್ಟಿ ಕಡಿಮಿ ಬರೆದದ್ದಕ್ಕಿಂತ ಕೆಟ್ಟದ್ದು.

ಈಗ ಎರಡನೇ ಪ್ರಶ್ನೆ. ಅರ್ಧಮರ್ಧ ಬಂದ ರೊಕ್ಕ ಯಾವ ತಿಂಗಳಿಗೆ ಜಮಾ? ಇದನ್ನ ನಾವು ಮನಸ್ಸಿಗೆ ಬಂದಂಗ ಹಾಕೂದಲ್ಲ. 1872ರ ಕರಾರು ಕಾಯ್ದೆಯೊಳಗ ಇದಕ್ಕ ನಿಯಮ ಐತಿ. ಕೊಡಾಂವ “ಇದು ಇಂಥಾ ತಿಂಗಳದ್ದು” ಅಂತ ಹೇಳಿ ಕೊಟ್ರ, ನಾವು ತಗೊಂಡ್ರ, ಅದ ತಿಂಗಳಿಗೆ ಹಾಕಬೇಕು. ಆಂವ ಏನೂ ಹೇಳಲಿಲ್ಲಾಂದ್ರ ನಾವು ಆರಿಸಿ ಹಾಕಬಹುದು. ಇಬ್ಬರೂ ಸುಮ್ಮನಿದ್ರ ಹಳೇ ಬಾಕಿಗೆ ಮೊದಲು ಹೋಗ್ತೈತಿ. ನವೆಂಬರದ 2,500ರ ಕೂಡ ಆಂವ ಫೋನಿನ್ಯಾಗ “ನವೆಂಬರ್ ಬಾಡಿಗಿ” ಅಂತ ಬರೆದಿದ್ದ. ಹಂಗಾಗಿ ಅದು ನವೆಂಬರಕ್ಕ. ಸೆಪ್ಟೆಂಬರದ 4,000ಕ್ಕ ಏನೂ ಬರೆದಿರಲಿಲ್ಲ. ಅದರಾಗ 2,000 ಜುಲೈದ ಉಳಿಕಿಗೆ, 2,000 ಆಗಸ್ಟಕ್ಕ ಹಾಕಿದೆ. ಅಪ್ಪಾರ ಕೈಯಾಗ ಕೊಟ್ಟ 1,500ನೂ ಆಗಸ್ಟಕ್ಕ.

ಹಿಂಗ ಹಾಕಿದಾಗ ಜುಲೈ ತೀರಿತು. ಆಗಸ್ಟದ್ದು 1,500 ಉಳೀತು, ಸೆಪ್ಟೆಂಬರ್ ಮತ್ತ ಅಕ್ಟೋಬರ್ ಪೂರ್ತಿ ಉಳಿದವು, ನವೆಂಬರದ್ದು 2,500, ಡಿಸೆಂಬರ್ ಪೂರ್ತಿ. ಕೂಡಿಸಿದ್ರ ಅದ 19,000. ಮೊತ್ತ ಬದಲಾಗಂಗಿಲ್ಲ ಅಂದ ಮ್ಯಾಲ ಈ ಖಟಪಟಿ ಯಾಕ ಅಂತೀರಿ? ಯಾಕಂದರ ತಿಂಗಳವಾರು ಬರೆದ್ರ ಎದುರಿನಾಂವಗ ತನ್ನ ತಪ್ಪು ಎಲ್ಲಿ ಐತಿ ಅನ್ನೂದು ಬೆರಳಿಟ್ಟು ತೋರಿಸಿದಂಗ ಆಗ್ತೈತಿ, ತಕರಾರು ಇದ್ರ ಒಂದ ಸಾಲಿನ ಮ್ಯಾಲ ಮಾತಾಡಬಹುದು. ಮತ್ತೊಂದು, ಬಾಡಿಗಿ ಬಾಕಿಗೆ ದಾವೆ ಹಾಕಾಕ ಮೂರು ವರ್ಷದ ಮುದ್ದತು ಇರ್ತೈತಿ. ಅದು ಒಂದೊಂದು ತಿಂಗಳ ಬಾಡಿಗಿಗೆ ಬ್ಯಾರೇ ಬ್ಯಾರೇ ಸುರು ಆಗ್ತೈತಿ. ವರ್ಷಾನಗಟ್ಟಲೆ ಬಿಟ್ಟವರಿಗೆ ಇದು ಗೊತ್ತಿರಲಿ.

ಲೈಟ್ ಬಿಲ್ ಬಾಡಿಗಿಯೊಳಗ ಕೂಡಿಸಬ್ಯಾಡ್ರಿ. ಅಕ್ಟೋಬರದಾಗ ಕನೆಕ್ಷನ್ ಕಟ್ ಆಗೂ ಹೊತ್ತಿಗೆ ವೈನಿ 1,140 ತಾವ ತುಂಬಿದ್ರು. ಅದನ್ನ ಕೆಳಗ ಬ್ಯಾರೇ ಸಾಲು ಮಾಡಿ, ತುಂಬಿದ ಪಾವತಿಯ ಝೆರಾಕ್ಸ್ ಹಚ್ಚಿದ್ವಿ. ಎಲ್ಲಾ ಸೇರಿ 20,140.

ಡಿಪಾಜಿಟ್ ಮಾತು ಬರ್ತೈತಿ ಅಂತ ನನಗ ಗೊತ್ತಿತ್ತು. “ಮೂವತ್ತು ಸಾವಿರ ನಿಮ್ಮ ಕಡೇನ ಐತಲ್ರಿ, ಅದರಾಗ ಹಿಡಕೋರಿ” ಅಂತ ಎಲ್ಲಾ ಕಡೆ ಇದ ಮಾತು. ಡಿಪಾಜಿಟ್ ಇರೂದು ಮನಿ ಬಿಡೂ ದಿನಕ್ಕ. ಮುರಿದ ಬಾಗಲಾ, ಕಡೀ ಬಿಲ್ಲು, ಕಡೀ ಬಾಕಿ, ಇವಕ್ಕ. ಕರಾರಿನ್ಯಾಗ ಬ್ಯಾರೇ ಬರೆದಿಲ್ಲಾಂದ್ರ, ಇರೂ ತನಕ ತಿಂಗಳ ಬಾಡಿಗಿ ಅದರಾಗ ಕಡಿಯಾಕ ನಾವು ಒಪ್ಪೂ ಕಾರಣ ಇಲ್ಲ. ಹಂಗಂತ ಅದನ್ನ ಮುಚ್ಚಿಡಬಾರದು. “ಡಿಪಾಜಿಟ್ 30,000 ನನ್ನ ಕಡೆ ಐತಿ, ಬಾಕಿಗೆ ಹಿಡಿದಿಲ್ಲ” ಅಂತ ಸ್ವಚ್ಛ ಬರೀಬೇಕು. ನಾವು ಮನಿಯಾಗ ಹಾಕೂ ಲೆಕ್ಕ ಬ್ಯಾರೇ. ಬಾಕಿ 20,000 ದಾಟಿತು, ಡಿಪಾಜಿಟ್ 30,000. ಇನ್ನ ಎರಡು ತಿಂಗಳು ಸುಮ್ಮ ಕುಂತ್ರ ಎರಡೂ ಸಮ. ಆಮ್ಯಾಲ ಹೋಗೂದೆಲ್ಲಾ ನಮ್ಮ ಕಿಸೆದ್ದು. ಅದಕ್ಕ ಬಾಕಿ ಡಿಪಾಜಿಟ್ಟಿನ ಅರ್ಧ ಮುಟ್ಟೂದರೊಳಗ ನೋಟೀಸ್ ಹೋಗಬೇಕು ಅನ್ನೂದು ನನ್ನ ಮಾತು. ತವರುಮನಿಯಾಗ ಅದೂ ತಡ ಆಗಿತ್ತು.

ಇನ್ನ ಕಡೀ ಅವಕಾಶದ ಮಾತು. ಇಲ್ಲಿ ಭಾಳ ಮಂದಿ ಎರಡು ಕಾಗದ ಒಂದ್ರಾಗ ಕಲಸ್ತಾರ. “ರೊಕ್ಕ ತುಂಬು” ಅನ್ನೂದು ಒಂದು, “ಮನಿ ಬಿಡು” ಅನ್ನೂದು ಇನ್ನೊಂದು. ತಿಂಗಳ ತಿಂಗಳ ಬಾಡಿಗಿ ಮನಿ ಬಿಡಿಸಾಕ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ, ಕರಾರಿನ್ಯಾಗ ಬ್ಯಾರೇ ಮುದ್ದತು ಇಲ್ಲಾಂದ್ರ, ನೋಟೀಸ್ ಮುಟ್ಟಿದ ಮ್ಯಾಲ 15 ದಿವಸ ಕೊಡಬೇಕು. ಆ ಕಾಗದದಾಗ “ಬಾಡಿಗಿ ಸಂಬಂಧ ಮುಗೀತು, ಇಂಥಾ ದಿನ ಖಾಲಿ ಮಾಡ್ರಿ” ಅಂತ ಸ್ಪಷ್ಟ ಇರಬೇಕು. “ರೊಕ್ಕ ಕೊಟ್ರ ಇರ್ರಿ, ಇಲ್ಲಾಂದ್ರ ಬಿಡ್ರಿ” ಅಂತ ಎರಡೂ ಕೂಡಿಸಿದ್ರ, ಮನಿ ಬಿಡಿಸೂ ನೋಟೀಸ್ ಆಗೇ ಇಲ್ಲ ಅಂತ ಅವರ ವಕೀಲರು ವಾದ ಹೂಡತಾರ. ಅದಕ್ಕ ಮೊದಲು ಕಡೀ ಅವಕಾಶದ ಕಾಗದ, ಅದನ್ನ ನಾವ ಬರೀಬಹುದು. ಅದು ಮುಗಿದ್ರೂ ತುಂಬದಿದ್ರ ಮನಿ ಬಿಡಿಸೂ ನೋಟೀಸ್, ಅದನ್ನ ವಕೀಲರ ಕೈಯಿಂದ. ಹಳೇ ಕಾಲದಿಂದ ಎರಡು ಸಾವಿರದೊಳಗಿನ ಬಾಡಿಗಿ ಇದ್ದ ಮನಿ ಇದ್ರ ಮಾತ್ರ ಮೊದಲ ವಕೀಲರನ್ನ ಕೇಳ್ರಿ. ಅಂಥವಕ್ಕ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಹತ್ತಿದ್ರ, ಬಾಕಿ ತುಂಬಾಕ ನೋಟೀಸ್ ಮುಟ್ಟಿದ ಮ್ಯಾಲ ಎರಡು ತಿಂಗಳು ಕೊಡಬೇಕಾಗ್ತೈತಿ.

ಮನಿ ಅಪ್ಪಾರ ಹೆಸರಿನ್ಯಾಗ, ಕರಾರೂ ಅವರದು. ಅದಕ್ಕ ಸಹಿ ಅವರದ. ಹೆಸರು ಕರಾರಿನ್ಯಾಗ ಇದ್ದ ಗಂಡಂದು, ಅವನ ಹೆಂಡತಿದಲ್ಲ. ನಾವು ಬರೆದದ್ದು ಹಿಂಗಿತ್ತು:

“ದಿನಾಂಕ 8-12-2025. ನಿಪ್ಪಾಣಿಯ ನಮ್ಮ ಮನೆಯ ಹಿಂಭಾಗದ ಎರಡು ಖೋಲಿಗಳಲ್ಲಿ ತಿಂಗಳಿಗೆ 5,000 ರೂ. ಬಾಡಿಗೆಯಂತೆ ನೀವು ಇದ್ದೀರಿ. ಕರಾರಿನ ಪ್ರಕಾರ ಪ್ರತಿ ತಿಂಗಳ 5ರೊಳಗೆ ಬಾಡಿಗೆ ಕೊಡಬೇಕು. ಜುಲೈದಿಂದ ನೀವು ಕೊಟ್ಟ 3,000, 4,000, 1,500 ಮತ್ತು 2,500, ಒಟ್ಟು 11,000 ರೂ. ಜಮಾ ಹಿಡಿದ ಮೇಲೆ ಉಳಿದ ಬಾಕಿ ಹೀಗಿದೆ:

ಆಗಸ್ಟ್ 1,500
ಸೆಪ್ಟೆಂಬರ್ 5,000
ಅಕ್ಟೋಬರ್ 5,000
ನವೆಂಬರ್ 2,500
ಡಿಸೆಂಬರ್ 5,000
ಬಾಡಿಗೆ ಬಾಕಿ ಒಟ್ಟು 19,000
ನಿಮ್ಮ ಪರವಾಗಿ ತುಂಬಿದ ಅಕ್ಟೋಬರ್ ಲೈಟ್ ಬಿಲ್ 1,140
ಎಲ್ಲ ಸೇರಿ 20,140

ಡಿಪಾಜಿಟ್ 30,000 ರೂ. ನನ್ನ ಬಳಿ ಇದೆ. ಅದನ್ನು ಈ ಬಾಕಿಗೆ ಹಿಡಿದಿಲ್ಲ. ಈ ಲೆಕ್ಕದಲ್ಲಿ ತಪ್ಪಿದ್ದರೆ ಏಳು ದಿನಗಳಲ್ಲಿ ಪಾವತಿ ಅಥವಾ ಫೋನಿನ ಮೆಸೇಜ್ ತೋರಿಸಿರಿ, ತಿದ್ದುತ್ತೇನೆ. ಪೂರ್ತಿ ಬಾಕಿಯನ್ನು 31-12-2025ರೊಳಗೆ ತುಂಬಬೇಕು. ಇದು ಕೊನೆಯ ಅವಕಾಶ. ನಡುವೆ ಸ್ವಲ್ಪ ಹಣ ಕೊಟ್ಟರೆ ಹಳೆಯ ಬಾಕಿಗೆ ಜಮಾ ಮಾಡಿ ಪಾವತಿ ಕೊಡುತ್ತೇನೆ, ಆದರೆ ಅದರಿಂದ ಈ ತಾರೀಖು ಮುಂದೆ ಹೋಗುವುದಿಲ್ಲ. ತುಂಬದಿದ್ದರೆ ಬಾಡಿಗೆ ಮುಗಿಸುವ ನೋಟೀಸನ್ನು ವಕೀಲರ ಮೂಲಕ ಕಳಿಸಿ, ಮುಂದೆ ಕೋರ್ಟಿಗೆ ಹೋಗುತ್ತೇನೆ.”

ಇಷ್ಟ. ಇದರಾಗ ಒಂದು ಬೈಗುಳ ಇಲ್ಲ, “ನಿನ್ನ ನಡತಿ ಸರಿ ಇಲ್ಲ” ಅನ್ನೂದಿಲ್ಲ, “ಮಂದಿ ಮುಂದ ಮಾನ ತೆಗೀತೇನಿ” ಅನ್ನೂದಿಲ್ಲ. “ನಡುವ ಸ್ವಲ್ಪ ಹಣ” ಅನ್ನೂ ಸಾಲು ಭಾಳ ಮುಖ್ಯ. ಅದಿಲ್ಲಾಂದ್ರ ಎರಡು ಸಾವಿರ ಕೈಗಿಟ್ಟು “ಮತ್ತ ಒಂದು ತಿಂಗಳು ಸಿಕ್ತು” ಅಂತ ತಿಳ್ಕೋತಾರ. ನಿಪ್ಪಾಣಿ, ಕಾಗವಾಡದ ಕಡೆ ಬಾಡಿಗಿ ಇದ್ದವರು ಮರಾಠಿ ಅಷ್ಟ ಓದೂವರು ಇರ್ತಾರ. ಅಂಥಲ್ಲಿ ಅದ ಕಾಗದದ ಮರಾಠಿ ಪ್ರತಿನೂ ಕೂಡ ಇಡ್ರಿ. ತಿಳಿಯದ ಭಾಷಾದ ಕಾಗದ ಕೊಟ್ಟು ಕಡೀ ಅವಕಾಶ ಅನ್ನೂದು ನ್ಯಾಯ ಅಲ್ಲ.

ಮುಟ್ಟಿಸೂದೂ ಒಂದು ಕೆಲಸ. ಒಂದ ಗ್ವಾಡಿ ಆಚೆ ಇದ್ದವರಿಗೆ ಪೋಸ್ಟಿನಾಗ ಕಳಸೂದಂದ್ರ ವೈನಿ ನಕ್ಕರು. ಆದ್ರ ಕೈಗೆ ಕೊಟ್ಟದ್ದಕ್ಕ ಸಾಕ್ಷಿ ಬೇಕಲ್ಲ? ಕೈಗೆ ಕೊಟ್ರ ಇನ್ನೊಂದು ಪ್ರತಿ ಮ್ಯಾಲ “ಮುಟ್ಟಿತು” ಅಂತ ಸಹಿ, ತಾರೀಖು ತಗೋರಿ. ಜೊತೀಗೆ ಪೋಸ್ಟಿನಾಗೂ ಕಳಸ್ರಿ. ಹಳೇ ರಜಿಸ್ಟರ್ ಪೋಸ್ಟ್ 2025ರಾಗ ಸ್ಪೀಡ್ ಪೋಸ್ಟಿನಾಗ ಸೇರೇತಿ. ಹಂಗಾಗಿ ಸ್ಪೀಡ್ ಪೋಸ್ಟ್ ಮಾಡಿ, ಮುಟ್ಟಿದ್ದಕ್ಕ ಪುರಾವೆ ಬೇಕು ಅಂತ ಕೌಂಟರಿನ್ಯಾಗ ಹೇಳ್ರಿ. ಆ ಚೀಟಿ ಕರಾರಿನ ಕೂಡ ಇಡ್ರಿ. ಅವರು ತಗೊಳ್ಳಲಿಲ್ಲಾಂತ ಲಕೋಟಿ ತಿರುಗಿ ಬಂದ್ರ ಒಡೀಬ್ಯಾಡ್ರಿ. ಪೋಸ್ಟಮನ್ ಬರೆದದ್ದು ಮತ್ತ ಮುಚ್ಚಿದ ಲಕೋಟಿನ ಮುಂದ ಸಾಕ್ಷಿ ಆಗ್ತಾವ.

ತಾರೀಖು ಮುಗಿಯೂ ತನಕ ನಮ್ಮ ಕೈ, ಬಾಯಿ ಎರಡೂ ಹಿಡಿತದಾಗ ಇರಬೇಕು. ನೀರು ಬಂದ್ ಮಾಡೂದು, ಮೋಟರ್ ಸ್ವಿಚ್ ತೆಗೆಯೂದು, ಅವರು ಊರಿಗೆ ಹೋದಾಗ ಕೀಲಿ ಹಾಕೂದು, ಸಾಮಾನು ಅಂಗಳಕ್ಕ ಇಡೂದು, ಇವು ನಮ್ಮ ಕಡೆ ಭಾಳ ನಡೀತಾವ. ಬಾಕಿ ಎಷ್ಟ ಇರಲಿ, ಕೋರ್ಟಿನ ಹಾದಿ ಬಿಟ್ಟು ಹೊರಗ ಹಾಕಿದ್ರ ಅವರು ಆರು ತಿಂಗಳೊಳಗ ದಾವೆ ಹಾಕಿ ತಿರುಗಿ ಒಳಗ ಬರಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅದಕ್ಕ ಐತಿ. ಅಲ್ಲಿಗೆ ತಪ್ಪು ನಮ್ಮದಾಗ್ತೈತಿ, ಅವರ ಬಾಕಿ ಹಿಂದ ಬೀಳ್ತೈತಿ. ಓಣಿಯ ವಾಟ್ಸಾಪ್ ಗ್ರೂಪಿನ್ಯಾಗ ಪಟ್ಟಿ ಹಾಕೂದಂತೂ ಬ್ಯಾಡೇ ಬ್ಯಾಡ. ಆ ಕಾಗದ ಇಬ್ಬರ ನಡುವಿಂದು.

ಮನಿ ಬಿಡಿಸೂ ಎರಡನೇ ನೋಟೀಸ್ ಹೋದ ಮ್ಯಾಲ ಇನ್ನೊಂದು ಎಚ್ಚರ ಬೇಕು. ಆಗ ಆಂವ ಮುಂದಿನ ತಿಂಗಳ ರೊಕ್ಕ ತಂದ್ರ, ನಾವು “ಬಾಡಿಗಿ” ಅಂತ ಪಾವತಿ ಕೊಟ್ಟು ತಗೊಂಡ್ರ, ನೋಟೀಸ್ ಬಿಟ್ಟುಕೊಟ್ಟಾರ ಅಂತ ವಾದಕ್ಕ ಜಾಗ ಆಗ್ತೈತಿ. ತಗೊಳ್ಳೂ ಮೊದಲ ವಕೀಲರಿಗೆ ಒಂದು ಫೋನ್ ಮಾಡಿ, ಪಾವತಿಯೊಳಗ ಏನು ಬರೀಬೇಕು ಕೇಳ್ರಿ.

ನಮ್ಮಲ್ಲಿ ಅಷ್ಟರ ತನಕ ಹೋಗಲಿಲ್ಲ. ಕಾಗದ ಮುಟ್ಟಿದ ಮೂರನೇ ದಿನ ಗಂಡ ಹೆಂಡತಿ ಇಬ್ಬರೂ ಬಂದ್ರು. ಆಕಿ ಪಟ್ಟಿ ಮ್ಯಾಲ ಬೆರಳಿಟ್ಟು, “ಕಾಕಾರ ಕೈಯಾಗ ಕೊಟ್ಟ ಒಂದೂವರಿ ಸಾವಿರಾನೂ ಹಿಡಿದೀರಿ” ಅಂದಳು. ಆಮ್ಯಾಲ ಲೆಕ್ಕದ ಮ್ಯಾಲ ತಕರಾರ ಬರಲಿಲ್ಲ. ಡಿಸೆಂಬರ್ 29ಕ್ಕ 12,000 ಬಂತು. ಉಳಿದ 8,140ಕ್ಕ ಜನವರಿ 15ರ ತನಕ ಮುದ್ದತು ಕೇಳಿದ್ರು, ಕಾರಖಾನಿ ಬಿಲ್ಲಿನ ಚೀಟಿ ತೋರಿಸಿದ್ರು. ಅಪ್ಪಾರು ಒಪ್ಪಿದ್ರು, ಆದ್ರ ಬಾಯಿಮಾತಿನ್ಯಾಗ ಅಲ್ಲ. ಅದ ಕಾಗದದ ಕೆಳಗ ಹೊಸ ತಾರೀಖು ಬರೆದು ಇಬ್ಬರೂ ಸಹಿ ಮಾಡಿದ್ರು. ಸಂಕ್ರಾಂತಿ ಮುಂದ ಆ ರೊಕ್ಕ ಬಂತು.

ಎಲ್ಲಾ ಕಡೆ ಹಿಂಗ ಆಗ್ತೈತಿ ಅಂತ ನಾ ಹೇಳಂಗಿಲ್ಲ. ಕೊಡೂ ಮನಸ್ಸ ಇಲ್ಲದಾಂವ ಕಾಗದ ಓದಿನೂ ಸುಮ್ಮ ಇರ್ತಾನ. ಅಂಥಾವನ ಕೂಡ ಕೋರ್ಟಿಗೆ ಹೋದ್ರ ವರ್ಷಾನಗಟ್ಟಲೆ ಹಿಡೀತೈತಿ. ಅಲ್ಲಿ ಹಿಯರಿಂಗ್ ದಿನ ಆಂವ ಬಾಕಿ, ಬಡ್ಡಿ, ದಾವೆ ಖರ್ಚು ಎಲ್ಲಾ ತುಂಬಿದ್ರ, ಬಾಡಿಗಿ ತಪ್ಪಿದ ಕಾರಣಕ್ಕಷ್ಟ ಬಿಡಿಸೂ ಕೇಸಿನ್ಯಾಗ ಕೋರ್ಟು ಅವನನ್ನ ಉಳಿಸಲೂಬಹುದು. ಆದ್ರ ಕೊಡೂ ಮನಸ್ಸ ಇದ್ದು ಕೈ ಕಟ್ಟಿದವನ್ಯಾರು, ಮನಸ್ಸ ಇಲ್ಲದವನ್ಯಾರು ಅನ್ನೂದು ಈ ಕಾಗದದಿಂದ ಇಪ್ಪತ್ತು ದಿವಸದಾಗ ಗೊತ್ತಾಗ್ತೈತಿ. ಮೊದಲಿನಾಂವ ತಾರೀಖು ಕೇಳಾಕ ಬರ್ತಾನ, ಎರಡನೇದಾಂವ ಮಾರಿ ತಪ್ಪಿಸ್ತಾನ. ಬಾಯಿಮಾತಿನ್ಯಾಗ ಅದು ತಿಳಿಯಾಕ ಎಂಟು ತಿಂಗಳು ಬೇಕು, ಅಷ್ಟರಾಗ ಡಿಪಾಜಿಟ್ ಕರಗಿ ಹೋಗಿರ್ತೈತಿ.

ಇವತ್ತ ಒಂದು ಕೆಲಸ ಮಾಡ್ರಿ. ಒಂದು ವಹಿ ತಂದು ಬಾಡಿಗಿ ಖೋಲಿಯ ಹೆಸರಿಗೆ ಒಂದು ಪಾನು ಬಿಡ್ರಿ. ತಾರೀಖು, ಮೊತ್ತ, ಯಾರ ಕೈಯಾಗ, ಯಾವ ತಿಂಗಳದ್ದು, ಈ ನಾಲ್ಕು ಗೆರಿ ಹಾಕ್ರಿ. ಕೊಟ್ಟಾಗೊಮ್ಮೆ ಅವರದೊಂದು ಸಹಿ ತಗೋರಿ, ನಿಮ್ಮದೊಂದು ಪಾವತಿ ಕೊಡ್ರಿ. ಮನಿಯೊಳಗಿನ ಹಿರಿಯರಿಗೂ ಹೇಳ್ರಿ, ಕಟ್ಟಿ ಮ್ಯಾಲ ಕುಂತು ರೊಕ್ಕ ತಗೊಂಡ್ರ ಆ ವಹಿಗೆ ಬರಸ್ರಿ ಅಂತ.